ವೈಟ್ನರ್ ಕೆಳಗಿನ ಮೂರು

ಶಾಲೆಯ ಹಿಂದಿನ ಓಣಿಯವರು ಲೆಕ್ಕದ ಟೀಚರ ಬಗ್ಗೆ ಆಡದ ಮಾತಿರಲಿಲ್ಲ. "ಆಯಮ್ಮನ ಮನೇಲಿ ಹಾಲು ಉಕ್ಕೋಕೂ ಹೆದರುತ್ತೆ" ಅನ್ನುತ್ತಿದ್ದಳು ಎದುರುಮನೆಯಾಕೆ. "ಹೆದರದೆ ಏನು, ಉಕ್ಕಿದ್ರೆ ಅರ್ಧ ಮಾರ್ಕ್ಸ್ ಕಟ್ ಮಾಡ್ತಾರಲ್ಲ!" ಅಂತ ಪಕ್ಕದ ಮನೆಯ ಟೈಲರು ದಾರ ಕಚ್ಚಿ ಉಗುಳುತ್ತ ಸೇರಿಸುತ್ತಿದ್ದ. ಓಣಿಯ ಮಕ್ಕಳು ಅವರಿಗೆ ಇಟ್ಟ ಹೆಸರು 'ಹದ್ದು'. ಹದ್ದು ಬಂತು ಅಂದರೆ ಗೋಲಿ ಆಡುತ್ತಿದ್ದವರೂ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು.

ಇವೆಲ್ಲ ಟೀಚರ ಕಿವಿಗೆ ಬೀಳದೆ ಇರಲಿಲ್ಲ. ಜೊತೆಗಿದ್ದ ತಂಗಿ ಒಂದನ್ನೂ ಬಿಡದೆ ಹೊತ್ತು ತರುತ್ತಿದ್ದಳು. ಗಂಡ ಹೋದ ಮೇಲೆ ಅಕ್ಕನ ಮನೆಗೆ ಬಂದು ನಿಂತವಳು, ಬಾಯಿಗೆ ಬೀಗ ಇಲ್ಲದವಳು.

"ಅಕ್ಕಾ, ನಿನ್ನ ಹದ್ದು ಅಂತಾರೆ."

"ಅನ್ಲಿ ಬಿಡು. ಗೂಬೆ ಅನ್ನಲಿಲ್ಲವಲ್ಲ."

ಒಳಗೊಳಗೇ ಅವರಿಗೆ ಅದು ಹೆಮ್ಮೆ. ಯಾಕೆಂದರೆ ಶಾಲೆಯಲ್ಲಿ ಅವರ ಕಣ್ಣಿಗೊಂದು ಕೆಲಸವಿತ್ತು. ಪರೀಕ್ಷೆ ಮುಗಿದು, ತಿದ್ದಿದ ಉತ್ತರ ಪತ್ರಿಕೆಗಳನ್ನು ಮಕ್ಕಳ ಕೈಗೆ ವಾಪಸು ಕೊಟ್ಟಾಗ, "ಟೋಟಲ್ ತಪ್ಪಿದೆ" ಅಂತ ಯಾರಾದರೂ ತಂದರೆ, ಯಾವ ವಿಷಯದ ಪತ್ರಿಕೆಯೇ ಆಗಲಿ, ಮರು ಕೂಡುವ ಕೆಲಸ ಟೀಚರದ್ದು. ಮೂವತ್ತು ವರ್ಷದಿಂದ. ನಿವೃತ್ತಿಯ ವಯಸ್ಸು ದಾಟಿ ಎರಡು ವರ್ಷವಾಗಿದ್ದರೂ, ಆಡಳಿತ ಮಂಡಳಿ ವರ್ಷ ವರ್ಷ ಮುಂದುವರಿಕೆ ಪತ್ರ ಕೊಟ್ಟು ಅವರನ್ನು ಇಟ್ಟುಕೊಂಡಿತ್ತು. ಶಾಲೆಯ ಹಿಂದಿನ ಎರಡು ಕೋಣೆಯ ಮನೆಯೂ ಆ ಪತ್ರಕ್ಕೇ ಅಂಟಿಕೊಂಡಿತ್ತು. ಪತ್ರ ಇದ್ದರೆ ಮನೆ, ಇಲ್ಲದಿದ್ದರೆ ಬೀದಿ.

ಹೊಸದಾಗಿ ಬಂದವರಿಗೆ ಟೀಚರು ಕೆಲಸ ಹೇಳಿಕೊಡುವಾಗ ಮೊದಲು ಪೆನ್ನು ಕಸಿದುಕೊಳ್ಳುತ್ತಿದ್ದರು. "ಪೇಪರ್ ವಾಪಸ್ ಬಂತು ಅಂದ ತಕ್ಷಣ ಕೂಡೋಕೆ ಕೂತ್ಕೋಬೇಡ್ರಿ. ಮೊದಲು ನೋಡಿ. ಒಂದನ್ನ ಏಳು ಮಾಡಿರ್ತಾರೆ, ಸೊನ್ನೆಗೆ ಬಾಲ ಹಚ್ಚಿ ಒಂಬತ್ತು ಮಾಡಿರ್ತಾರೆ. ಕಿಟಕಿಗೆ ಹಿಡೀರಿ, ವೈಟ್ನರ್ ಹಚ್ಚಿದ ಜಾಗ ಬೆಳಕು ಬಿಡೋದಿಲ್ಲ, ಕಪ್ಪಗೆ ಕಾಣುತ್ತೆ. ಹಾಳೆ ತಿರುಗಿಸಿ ಬೆರಳಾಡಿಸಿ, ಕೆಳಗಿನ ಅಂಕಿ ಒತ್ತಿದ ಉಬ್ಬು ಸಿಗುತ್ತೆ. ಅನುಮಾನ ಬಂದ್ರೆ ಪೆನ್ನು ಮುಟ್ಟಬೇಡಿ. ನೀವು ಕೂಡಿ ಸಹಿ ಹಾಕಿದ್ರಿ ಅಂದ್ರೆ ಆ ಕಳ್ಳ ಅಂಕಿಗೆ ನೀವೇ ಜಾಮೀನು ನಿಂತ ಹಾಗೆ. ತಿದ್ದಿದ ಮೇಷ್ಟ್ರನ್ನ ಕೇಳಿ, ಆಫೀಸಿನ ಪಟ್ಟಿ ತೆಗೆಸಿ, ಆಮೇಲೆ ಕೂಡಿ."

ಆಫೀಸಿನ ಪಟ್ಟಿ ಅಂದರೆ ಆ ಶಾಲೆಯ ಒಂದು ಹಳೆಯ ಪದ್ಧತಿ. ಪತ್ರಿಕೆಗಳು ಮಕ್ಕಳ ಕೈ ಸೇರುವ ಮುಂಚೆ, ಯಾವ ಪ್ರಶ್ನೆಗೆ ಎಷ್ಟು ಅಂಕ ಅಂತ ತಿದ್ದಿದವರು ಒಂದು ಪಟ್ಟಿ ಬರೆದು ಆಫೀಸಿಗೆ ಕೊಡಬೇಕು. ಗುಮಾಸ್ತ ಅದರ ಮೇಲೆ ತಾರೀಕಿನ ಮೊಹರು ಒತ್ತಿ ಕಟ್ಟಿಡುತ್ತಾನೆ. ಅದನ್ನು ಬಿಚ್ಚುವವರು ವರ್ಷಕ್ಕೆ ಒಬ್ಬರೋ ಇಬ್ಬರೋ.

ಇಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದ ಟೀಚರೇ ಮುಗ್ಗರಿಸಿ ಬಿದ್ದರು ನೋಡಿ, ಅದನ್ನೇ ಹೇಳಬೇಕು.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಅದರಲ್ಲಿ ಒಂದು ವಿಷಯದಲ್ಲಿ ಫೇಲಾದರೂ ದೊಡ್ಡ ಪರೀಕ್ಷೆಗೆ ಹಾಲ್ ಟಿಕೆಟ್ ಕೊಡುವುದಿಲ್ಲ ಅನ್ನುವುದು ಆ ಶಾಲೆಯ ಕಟ್ಟಳೆ. ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಬೆಂಚಿಗಿಂತ ಸ್ವಲ್ಪವೇ ಎತ್ತರ, ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ವಿಜ್ಞಾನದಲ್ಲಿ ನೂರಕ್ಕೆ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು. ಗುಬ್ಬಿ ಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಟೀಚರ್, ಕೂಡಿದ್ರೆ ಮೂವತ್ತೇಳು ಬರುತ್ತೆ."

ಟೀಚರು ಪತ್ರಿಕೆ ತೆಗೆದುಕೊಂಡು, ಪೆನ್ನು ಪಕ್ಕಕ್ಕಿಟ್ಟು, ಹಾಳೆ ಹಾಳೆ ತಿರುವಿದರು. ಆರನೆಯ ಪ್ರಶ್ನೆಯ ಅಂಚಿನಲ್ಲಿ ಎಂಟು ಅಂತ ಕೆಂಪಗೆ ಬರೆದಿತ್ತು. ಆ ಎಂಟು ಬಿಳಿಯ ಗುಳ್ಳೆಯ ಮೇಲೆ ಕೂತಿತ್ತು. ಕಿಟಕಿಗೆ ಹಿಡಿದರು, ಗುಳ್ಳೆ ಕಪ್ಪಾಯಿತು. ಹಿಂದೆ ಬೆರಳಾಡಿಸಿದರು, ಕೆಳಗೊಂದು ಮೂರು ಸಿಕ್ಕಿತು. ಮೂರು ಎಂಟಾದರೆ ಐದು ಹೆಚ್ಚು. ಮೂವತ್ತೆರಡು ಮೂವತ್ತೇಳಾಗುತ್ತದೆ. ಲೆಕ್ಕ ಎಷ್ಟು ಚೊಕ್ಕವಾಗಿ ಕೂತಿತೆಂದರೆ ಅವರ ನೆತ್ತಿಗೆ ರಕ್ತ ಏರಿತು.

ವಿಜ್ಞಾನದ ಮೇಷ್ಟ್ರು ಅಲ್ಲೇ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ಬಂದು ವರ್ಷ ತುಂಬಿರದ ಹುಡುಗ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್ಮಾಸ್ಟರೂ ಅದೇ ಹೊತ್ತಿಗೆ ಒಳಗೆ ಬಂದರು. ಟೀಚರು ಪತ್ರಿಕೆ ಎತ್ತಿ ಹಿಡಿದು ಕೇಳಿದರು:

"ಏನ್ರೀ ಮೇಷ್ಟ್ರೇ, ನೀವಂತೂ ಮಾರ್ಕ್ಸ್ ಮೇಲೆ ವೈಟ್ನರ್ ಹಚ್ಚೋ ಪೈಕಿ ಅಲ್ಲ, ಅಲ್ವಾ?"

ತಿದ್ದುವವರು ವೈಟ್ನರ್ ಮುಟ್ಟಬಾರದು. ಅಂಕ ಬದಲಿಸಬೇಕಿದ್ದರೆ ಹಳೆಯದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದು ಬರೆದು, ಸಹಿ ಹಾಕಬೇಕು. ಹೆಡ್ಮಾಸ್ಟರ ಎದುರಿಗೆ ಅವನು ಇನ್ನೇನು ಹೇಳಿಯಾನು? ಲೋಟದೊಳಗೆ ಮುಖವಿಟ್ಟು "ಇಲ್ಲ ಮೇಡಂ" ಅಂದ.

ಅಷ್ಟೇ ಸಾಕಾಯಿತು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದ್ದೇನೆ ಅನ್ನುವುದು ಟೀಚರಿಗೆ ಆಗ ಹೊಳೆಯಲಿಲ್ಲ. ಆಫೀಸಿನ ಪಟ್ಟಿ ನೆನಪಾಗಲಿಲ್ಲ. ಗುಬ್ಬಿಯ ರಟ್ಟೆ ಹಿಡಿದು ತರಗತಿಗೆ ಕರೆದೊಯ್ದರು, ನಲವತ್ತು ಮಕ್ಕಳ ಎದುರು ಅವಳ ಪೆನ್ಸಿಲ್ ಡಬ್ಬಿ ಬೋರಲು ಹಾಕಿದರು. ಒಂದು ಕೆಂಪು ಪೆನ್ನು ಉರುಳಿ ಬಿತ್ತು.

"ಇದೇನಿದು?"

"ಗೆರೆ ಎಳೆಯೋಕೆ ಟೀಚರ್. ಹೆಡ್ಡಿಂಗ್ ಕೆಳಗೆ."

"ಹೆಡ್ಡಿಂಗ್ ಕೆಳಗಾ, ಮೂರರ ಮೇಲಾ?"

ಮಕ್ಕಳು ನಕ್ಕರು. ಗುಬ್ಬಿ ನಗಲಿಲ್ಲ, ಅಳಲೂ ಇಲ್ಲ. "ನಾನು ಮಾಡಿಲ್ಲ. ಕೊಟ್ಟಾಗ್ಲೇ ಹಾಗಿತ್ತು" ಅಂದಳು.

"ಕೊಟ್ಟಾಗ್ಲೇ ಎಂಟಿದ್ದಿದ್ರೆ ಮೇಷ್ಟ್ರು ಮೇಲೆ ಮೂವತ್ತೆರಡು ಅಂತ ಯಾಕಮ್ಮ ಹಾಕ್ತಾರೆ? ಅವ್ರಿಗೇನು ಮಗ್ಗಿ ಬರಲ್ವಾ? ನನಗೇ ಕೂಡೋದು ಹೇಳಿಕೊಡ್ತೀಯ?"

ಟೀಚರು ಪತ್ರಿಕೆಗೆ 'ಅಂಕ ತಿದ್ದಲಾಗಿದೆ' ಅಂತ ಚೀಟಿ ಅಂಟಿಸಿ ಸಹಿ ಹಾಕಿದರು. ಹೆಡ್ಮಾಸ್ಟರು ಹಾಲ್ ಟಿಕೆಟ್ ತಡೆದರು, ನಡತೆ ಪುಸ್ತಕದಲ್ಲಿ 'ವಂಚನೆ' ಅಂತ ಒಂದು ಪದ ಬರೆದರು. ಗುಬ್ಬಿ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಸಂಜೆ, ಮನೆಯ ಬಾಗಿಲು ಬಡಿದ ಸದ್ದಿಗೆ ತಂಗಿಯೇ ಹೋಗಿ ತೆಗೆದಳು. ಗುಬ್ಬಿಯ ತಾಯಿ. ಬಟ್ಟೆ ಕಾರ್ಖಾನೆಯಿಂದ ನೇರ ಬಂದಿದ್ದಳು, ಸೆರಗಿನ ತುಂಬ ದಾರದ ತುಂಡುಗಳು, ಬೆರಳಿಗೆ ಸೂಜಿ ಚುಚ್ಚಿದ ಕಲೆ.

"ಕೂತ್ಕೊಳ್ಳಮ್ಮ" ಅಂದಳು ತಂಗಿ.

"ಕೂರೋಕೆ ಬಂದಿಲ್ಲ. ಎಲ್ಲಿ ನಿಮ್ಮಕ್ಕ? ಟೀಚರಮ್ಮ, ನನ್ನ ಮಗಳು ಕಳ್ಳಿ ಅಂದ್ರಂತೆ."

"ನೋಡಮ್ಮ, ನಿನ್ನ ಸಂಕಟ ಅರ್ಥ ಆಗುತ್ತೆ. ಆದ್ರೆ ನಾನು ಕಣ್ಣಾರೆ ನೋಡಿದೀನಿ. ಎಂಟರ ಕೆಳಗೆ ಮೂರಿದೆ."

"ಅಂಕಿ ನೋಡಿದ್ರಿ. ಪಕ್ಕದಲ್ಲಿ ಅವಳು ಬರೆದಿದ್ದು ಓದಿದ್ರಾ?"

ಟೀಚರು ಪತ್ರಿಕೆ ಇಟ್ಟಿದ್ದ ಲಕೋಟೆಯ ಕಡೆ ತಿರುಗಿ ನೋಡಿದರು.

"ನಂಗೆ ಓದು ಬರಲ್ಲ" ಅಂದಳು ಆಕೆ. "ಆದ್ರೆ ಹೊಲಿಗೆ ಬಿಚ್ಚಿದೆ ಅಂತ ಒಂದು ಅಂಗಿ ವಾಪಸ್ ಬಂದ್ರೆ, ಬಟ್ಟೇನೆ ನೋಡ್ದೆ ಹೊಲಿದವಳ ಕೆನ್ನೆಗೆ ಹೊಡೆಯಲ್ಲ ನಮ್ಮ ಸೂಪರ್‌ವೈಸರೂ. ಅವ್ನು ಎಂಥ ರಾಕ್ಷಸ ಗೊತ್ತಾ? ಅವ್ನೂ ಹೊಡೆಯಲ್ಲ. ಮೂರು ದಿನದಿಂದ ನನ್ನ ಮಗಳು ಗೋಡೆ ಕಡೆ ತಿರುಗಿ ಮಲಗಿದಾಳೆ. ಪರೀಕ್ಷೆಗೆ ಕೂರಿಸದಿದ್ರೆ ನಾಳೆ ನಾಡಿದ್ದರಲ್ಲಿ ನನ್ನ ಪಕ್ಕದ ಮೆಷಿನ್‌ಗೆ ಕೂರಿಸಬೇಕು. ಮೆಷಿನ್ ಖಾಲಿ ಇದೆ, ಕೇಳ್ತಿದಾರೆ. ಓದಿ ಟೀಚರಮ್ಮ. ಓದಿ, ಅದು ಮೂರರ ಉತ್ತರ ಅಂದ್ರೆ ನಾನೇ ಅವಳ ಕೈ ಮುರೀತೀನಿ."

ಆಕೆ ಹೋದಳು. ಬಾಗಿಲು ತೆರೆದೇ ಇತ್ತು.

"ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂತ ಅಜ್ಜಿ ಹೇಳೋಳು" ಅಂದಳು ತಂಗಿ.

"ನೀನು ಬಾಯಿ ಮುಚ್ಚು."

"ಮುಚ್ತೀನಿ. ನೀನು ಕಣ್ಣು ತೆಗಿ."

ಪತ್ರಿಕೆ ಟೀಚರ ಬಳಿಯೇ ಲಕೋಟೆಯಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲೇ ನಿಂತು ಆರನೆಯ ಉತ್ತರ ಓದಿದರು. ಗುಬ್ಬಿ ಅರ್ಧ ಪುಟ ಬರೆದು ನಿಲ್ಲಿಸಿದ್ದಳು. ಅಲ್ಲಿಗೆ ಮೂರಂಕ ಸರಿ. ಆದರೆ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಮುಂದುವರಿಕೆ ಕೊನೆಯ ಪುಟದಲ್ಲಿ' ಅಂತಿತ್ತು. ಕೊನೆಯ ಪುಟ ತೆಗೆದರು. ಚಿತ್ರ, ಭಾಗಗಳ ಹೆಸರು, ಎರಡು ಉದಾಹರಣೆ. ಉತ್ತರದ ಕೊನೆಯಲ್ಲಿ ಒಂದು ಸಣ್ಣ ಕೆಂಪು ಸರಿ ಗುರುತು, ಮೇಷ್ಟ್ರು ಹಾಕುವ ಹಾಗೆ ಬಾಲ ಉದ್ದವಾದದ್ದು. ಎಂಟಕ್ಕೆ ಒಂದೂ ಕಡಿಮೆಯಿಲ್ಲದ ಉತ್ತರ.

ಬೆಳಗ್ಗೆ ಶಾಲೆಯ ಗಂಟೆಗಿಂತ ಮೊದಲೇ ಆಫೀಸಿನ ಬಾಗಿಲಲ್ಲಿ ನಿಂತರು. ಗುಮಾಸ್ತ ಬೀಗ ತೆಗೆಯುತ್ತ, "ಏನ್ ಮೇಡಂ, ಇಷ್ಟು ಬೇಗ? ಸೂರ್ಯನ ಅಟೆಂಡೆನ್ಸ್ ತಗೊಳ್ಳೋಕೆ ಬಂದ್ರಾ?" ಅಂದ. ಅವರ ಮುಖ ನೋಡಿ ಮುಂದಿನ ನಗೆ ನುಂಗಿಕೊಂಡು, ವಿಜ್ಞಾನದ ಪಟ್ಟಿಯ ಕಟ್ಟು ಬಿಚ್ಚಿಕೊಟ್ಟ.

ಗುಬ್ಬಿಯ ಸಾಲು: ನಾಲ್ಕು, ಎರಡು, ಐದು, ಮೂರು, ಒಂದು, ಎಂಟು, ಆರು, ಐದು, ಮೂರು. ಸಾಲಿನ ಕೊನೆಗೆ ಒಟ್ಟು ಮೂವತ್ತೆರಡು. ಮೇಲೆ ಶುಕ್ರವಾರದ ಮೊಹರು. ಪತ್ರಿಕೆಗಳು ಮಕ್ಕಳ ಕೈಗೆ ಹೋದದ್ದು ಸೋಮವಾರ.

ಟೀಚರು ಆ ಒಂಬತ್ತು ಅಂಕಿಗಳನ್ನು ಎರಡು ಸಲ ಕೂಡಿದರು. ಮೂವತ್ತೇಳು. ಮೇಷ್ಟ್ರು ಮೊದಲು ಅರ್ಧ ಉತ್ತರಕ್ಕೆ ಮೂರು ಕೊಟ್ಟಿದ್ದಾನೆ, ಎಲ್ಲ ಕೂಡಿ ಮೂವತ್ತೆರಡು ಬರೆದಿದ್ದಾನೆ, ಆಮೇಲೆ ಕೊನೆಯ ಪುಟ ಕಂಡಿದ್ದಾನೆ. ಗೆರೆ ಎಳೆದು ಸಹಿ ಹಾಕುವ ಬದಲು ವೈಟ್ನರ್ ಬಳಿದು ಎಂಟು ಬರೆದಿದ್ದಾನೆ. ಮೊದಲ ಪುಟದ ಒಟ್ಟು ತಿದ್ದುವುದನ್ನು ಮರೆತಿದ್ದಾನೆ. ಪಟ್ಟಿಗೆ ಬಿಡಿ ಅಂಕಗಳನ್ನು ಒಳಪುಟಗಳಿಂದ, ಒಟ್ಟನ್ನು ಮೊದಲ ಪುಟದಿಂದ ನಕಲು ಮಾಡಿದ್ದಾನೆ. ಮಗುವಿನ ಕೈ ಎಲ್ಲೂ ಬಿದ್ದಿಲ್ಲ.

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಒಬ್ಬನೇ ಇದ್ದ. ಟೀಚರು ಪಟ್ಟಿಯನ್ನು ಅವನ ಎದುರು ಬಡಿದರು.

"ಈ ಎಂಟು ಯಾರದ್ದು?"

ಅವನು ನೋಡಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲೊಂದು ಪುಟ್ಟ ಬಿಳಿ ಬಾಟ್ಲಿಯ ಮೂತಿ ಕಾಣುತ್ತಿತ್ತು.

"ಮೇಡಂ... ನೀವು ಹೆಡ್ಮಾಸ್ಟರ ಮುಂದೆ ಹಾಗೆ ಕೇಳಿದ್ರಿ. ನನಗೆ ಒಂದು ಮೆಮೋ ಆಗ್ಲೇ ಆಗಿದೆ. ಇನ್ನೊಂದಾದ್ರೆ ಖಾಯಂ ಮಾಡಲ್ಲ."

"ನಿಮ್ಮ ಖಾಯಮ್ಮಿಗೆ ಆ ಮಗೂನ ಬಲಿ ಕೊಟ್ರಲ್ರೀ! ನಾಲ್ಕು ದಿನ! ನಾಲ್ಕು ದಿನ ಅನ್ನ ಹೇಗೆ ಇಳೀತು ನಿಮ್ಮ ಗಂಟಲಲ್ಲಿ?"

"ಡಬ್ಬಿ ಬೋರಲು ಹಾಕಿದ್ದು ನಾನಲ್ಲ ಮೇಡಂ."

ಆ ಮಾತು ಹೋಗಿ ನಾಟಬೇಕಾದಲ್ಲೇ ನಾಟಿತು. ಟೀಚರಿಗೆ ಅವನ ಮೇಲಿನ ಸಿಟ್ಟು ಒಂದು ತೂಕ, ತಮ್ಮ ಮೇಲಿನದು ಅದರ ಎರಡರಷ್ಟು. ಎರಡನ್ನೂ ಹೊತ್ತು ಹೆಡ್ಮಾಸ್ಟರ ಕೋಣೆಗೆ ನುಗ್ಗಿದರು.

ಹೆಡ್ಮಾಸ್ಟರು ಪಟ್ಟಿ ನೋಡಿದರು, ಪತ್ರಿಕೆ ನೋಡಿದರು, ಕನ್ನಡಕ ತೆಗೆದು ಒರೆಸಿದರು.

"ಆಯ್ತು ಮೇಡಂ. ಹುಡುಗಿಗೆ ಹಾಲ್ ಟಿಕೆಟ್ ಕೊಟ್ಟುಬಿಡೋಣ. ಪಾಪದ ಹುಡುಗಿ, ಮಾನವೀಯತೆ ಮೇಲೆ ಕೊಟ್ಟಿದೀವಿ ಅಂತ ಬರೆದ್ರಾಯ್ತು. ಹಾವೂ ಸಾಯ್ಲಿ, ಕೋಲೂ ಮುರಿಯದೆ ಇರ್ಲಿ."

"ನಡತೆ ಪುಸ್ತಕದ ಪದ?"

"ಅದು ಇರ್ಲಿ ಬಿಡಿ. ಯಾರು ಓದ್ತಾರೆ?"

"ಮುಂದೆ ಕಾಲೇಜಿನವರು ಓದ್ತಾರೆ ಸಾರ್! ಶಾಲೆ ಬಿಡೋ ಪತ್ರದಲ್ಲಿ ನಡತೆ ಅಂತ ಒಂದು ಸಾಲಿದೆ. ಮಾಡದ ತಪ್ಪಿಗೆ ಮಾನವೀಯತೆ ಯಾಕೆ ಬೇಕು ಅವಳಿಗೆ? ಅವಳೇನು ಭಿಕ್ಷೆ ಕೇಳಿದ್ಲಾ? ಕೂಡಿ ಅಂದ್ಲು, ಅಷ್ಟೇ. ಅವಳ ಲೆಕ್ಕ ಸರಿಯಿತ್ತು. ನಮ್ಮದು ತಪ್ಪಿತ್ತು."

"ಮೇಡಂ, ದನಿ ಸಣ್ಣ ಮಾಡಿ. ಮಂಡಳಿಗೆ ವರದಿ ಹೋಗಿದೆ. ಈಗ ಶಾಲೆಯೇ ತಪ್ಪು ಮಾಡ್ತು ಅಂತ ಬರೆದ್ರೆ, ಎಲ್ಲ ತಂದೆತಾಯಿ ಪೇಪರ್ ಹಿಡ್ಕೊಂಡು ಸಾಲಾಗಿ ನಿಲ್ತಾರೆ. ನಿಮ್ಮ ಮುಂದುವರಿಕೆ ಪತ್ರಾನೂ ಅದೇ ಮಂಡಳಿ ಮುಂದಿದೆ. ನನ್ನ ಮೇಜಿನ ಮೇಲಿದೆ ನೋಡಿ, ಸಹಿಗೆ ಹೋಗೋದಷ್ಟೇ ಬಾಕಿ."

ಟೀಚರು ಆ ಪತ್ರ ನೋಡಿದರು. ತಮ್ಮ ಹೆಸರು, ಒಂದು ವರ್ಷ, ಎರಡು ಕೋಣೆ. ನೋಡಿ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ಉತ್ತರ ಪತ್ರಿಕೆ ತೆರೆದರು. ತಾವೇ ಅಂಟಿಸಿದ ಚೀಟಿಯ ಮೇಲೆ ಅಡ್ಡಗೆರೆ ಎಳೆದರು. ಮೊದಲ ಪುಟದ ಮೂವತ್ತೆರಡರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಮೂವತ್ತೇಳು ಬರೆದು, ಸಹಿ, ತಾರೀಕು ಹಾಕಿದರು. ಆಮೇಲೆ ಒಂದು ಬಿಳಿ ಹಾಳೆ ಕೇಳಿದರು. ಹೆಡ್ಮಾಸ್ಟರು ಕೊಡಲಿಲ್ಲ. ಗುಮಾಸ್ತ ಬಾಗಿಲಿಂದಲೇ ಕೈ ಚಾಚಿ ಕೊಟ್ಟ. ಅಂಕ ಬದಲಿಸಿದವರು ತಿದ್ದಿದ ಮೇಷ್ಟ್ರು, ಪಟ್ಟಿ ನೋಡದೆ ವಿದ್ಯಾರ್ಥಿನಿಯನ್ನು ತರಗತಿಯಲ್ಲಿ ಕಳ್ಳಿ ಎಂದವಳು ನಾನು, ನಡತೆ ಪುಸ್ತಕದ ದಾಖಲೆ ಸುಳ್ಳು, ಅಳಿಸುವುದು ಬೇಡ, ಹೊಡೆದುಹಾಕಿ ಸಹಿ ಮಾಡಬೇಕು. ಅಷ್ಟು ಬರೆದು, ಪಟ್ಟಿಯ ನಕಲು ಲಗತ್ತಿಸಿ, ಒಂದು ಪ್ರತಿ ಮಂಡಳಿಗೆ, ಒಂದು ಪ್ರತಿ ಶಿಕ್ಷಣ ಇಲಾಖೆಗೆ ಅಂತ ಕೆಳಗೆ ಸೇರಿಸಿದರು. ಇಲಾಖೆಯ ಹೆಸರು ನೋಡಿದ ಮೇಲೆ ಹೆಡ್ಮಾಸ್ಟರಿಗೆ ಬೇರೆ ದಾರಿ ಉಳಿಯಲಿಲ್ಲ. ಹಲ್ಲು ಕಚ್ಚಿಕೊಂಡು ನಡತೆ ಪುಸ್ತಕ ತರಿಸಿದರು, 'ವಂಚನೆ'ಯ ಮೇಲೆ ಗೆರೆ ಎಳೆದರು. ಹಾಲ್ ಟಿಕೆಟ್ ಟೀಚರ ಕೈಗೆ ಬಂತು.

"ನೀವೇ ನಿಮ್ಮ ಕಾಲ ಮೇಲೆ ಕಲ್ಲು ಹಾಕ್ಕೊಂಡ್ರಿ" ಅಂದರು.

"ಕಾಲು ನಂದು ಸಾರ್."

ಗುಬ್ಬಿಯ ಮನೆ ಕಾರ್ಖಾನೆಯ ಹಿಂಬದಿಯಲ್ಲಿತ್ತು. ತಾಯಿ ಬಾಗಿಲಲ್ಲಿ ನಿಂತಿದ್ದಳು, ದಾರಿ ಬಿಡಲಿಲ್ಲ. ಟೀಚರು ನಡೆದದ್ದು ಹೇಳಿ, "ನನ್ನದು ತಪ್ಪಾಯ್ತಮ್ಮ, ಕ್ಷಮಿಸು" ಅಂದರು.

"ನಿಮ್ಮ ಕ್ಷಮೆ ತಗೊಂಡು ಒಲೆ ಹಚ್ಚಲಾ? ಹಾಲ್ ಟಿಕೆಟ್ ಎಲ್ಲಿ?"

ಕೊಟ್ಟರು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಮಗಳಿಗೆ ಕೊಟ್ಟಳು. ಗುಬ್ಬಿ ಹೊರಗೆ ಬಂದಳು. ಕಣ್ಣು ಬಾತಿತ್ತು.

"ಕ್ಲಾಸಲ್ಲಿ ಹೇಳ್ತೀರಾ?" ಅಂದಳು. "ಅವತ್ತು ಕೂಗಿದ್ರಲ್ಲ, ಅಷ್ಟೇ ಗಟ್ಟಿಯಾಗಿ?"

"ಹೇಳ್ತೀನಿ."

ಮಾರನೆಯ ದಿನ ಅದೇ ನಲವತ್ತು ಮಕ್ಕಳ ಎದುರು, ಅದೇ ಹಲಗೆಯ ಮುಂದೆ, ಟೀಚರು ಒಂಬತ್ತು ಅಂಕಿಗಳನ್ನು ಬರೆದು ಕೂಡಿ ತೋರಿಸಿದರು. "ಇವಳು ಕೂಡಿದ್ದು ಸರಿ. ಅಂಕಿ ಬದಲಿಸಿದ್ದು ಇವಳಲ್ಲ. ಕಳ್ಳಿ ಅಂದವಳು ನಾನು, ಸುಳ್ಳು ಹೇಳಿದವಳೂ ನಾನು." ದನಿ ಪಕ್ಕದ ತರಗತಿಗೂ ಕೇಳಿತು. ಯಾರೂ ನಗಲಿಲ್ಲ. ಗುಬ್ಬಿ ಕೊನೆಯ ಬೆಂಚಿನಲ್ಲಿ ಕೂತು ಕೇಳಿದಳು, ಕೇಳಿ ಪುಸ್ತಕ ತೆರೆದಳು. ಒಂದು ಸಲವೂ ಟೀಚರ ಮುಖ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ದೊಡ್ಡ ಪರೀಕ್ಷೆ ಬರೆದಳು, ಪಾಸಾದಳು. ವಿಜ್ಞಾನದಲ್ಲಿ ಐವತ್ತೊಂದು. ಈ ಸುದ್ದಿ ಟೀಚರಿಗೆ ಗುಮಾಸ್ತನಿಂದ ತಿಳಿಯಿತು. ಅದೇ ವಾರ ಮಂಡಳಿಯ ಪತ್ರವೂ ಬಂತು. ಮುಂದುವರಿಕೆ ಇಲ್ಲ, ತಿಂಗಳೊಳಗೆ ಮನೆ ತೆರವು ಮಾಡಬೇಕು. ವಿಜ್ಞಾನದ ಮೇಷ್ಟ್ರಿಗೆ ಎರಡನೆಯ ಮೆಮೋ ಕೊಟ್ಟರು, ಆದರೆ ಬೇರೆ ವಿಜ್ಞಾನದವರು ಸಿಗಲಿಲ್ಲ ಅಂತ ಅವನನ್ನೇ ಖಾಯಂ ಮಾಡಿದರು. ಈ ಮನೆಯೂ ಅವನಿಗೇ ಮಂಜೂರಾಯಿತು.

"ನೋಡಿದ್ಯಾ ನ್ಯಾಯ!" ತಂಗಿ ಪಾತ್ರೆಗಳನ್ನು ಚೀಲಕ್ಕೆ ತುರುಕುತ್ತ ಹೇಳಿದಳು. ಪ್ರತಿ ಪಾತ್ರೆಯೂ ಮಂಡಳಿಯ ತಲೆಯ ಮೇಲೆ ಬಿದ್ದ ಹಾಗೆ ಸದ್ದು ಮಾಡುತ್ತಿತ್ತು. "ಬಳಿದವನಿಗೆ ಮನೆ, ಬರೆದವಳಿಗೆ ಬೀದಿ. ನಿನಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ."

"ಮತ್ತೆ ಯಾಕೆ ಸುಮ್ನಿದೀಯ?"

"ಸುಮ್ನಿಲ್ಲ. ಟ್ರಂಕಿಗೆ ಬೀಗ ಹಾಕ್ತಿದೀನಿ. ಆ ಕಡೆ ಹಿಡಿ."

ತಂಗಿಯ ಗೆಳತಿಯೊಬ್ಬಳ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತ್ತು, ಊರಿನ ಇನ್ನೊಂದು ತುದಿಯಲ್ಲಿ. ಸಾಮಾನು ಎರಡು ಗಾಡಿಯಲ್ಲಿ ಹೋಯಿತು. ತಂಗಿ ಎರಡನೆಯ ಗಾಡಿಯ ಮೇಲೆ ಕೂತು, ಗಾಡಿಯವನಿಗೆ ದಾರಿ ಹೇಳುತ್ತ, ಬೈಯುತ್ತ ಹೊರಟಳು. ಟೀಚರು ಹಿಂದೆ ಉಳಿದು ನೆಲ ಗುಡಿಸಿದರು. ಯಾರಿಗೋ ಬಿಟ್ಟುಕೊಡುವ ಮನೆಯಾದರೂ ಕಸ ಬಿಟ್ಟು ಹೋಗುವ ಹೆಂಗಸಲ್ಲ.

ಗೇಟಿನಲ್ಲಿ ವಿಜ್ಞಾನದ ಮೇಷ್ಟ್ರು ಬೀಗದ ಕೈಗಾಗಿ ಕಾಯುತ್ತಿದ್ದ. ಪಕ್ಕದಲ್ಲಿ ಹೊಸ ಹೆಂಡತಿ, ಕೈಯಲ್ಲಿ ಪೊರಕೆ. ಟೀಚರು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದರು.

"ಮೇಡಂ, ಬೈದಾದ್ರೂ ಹೋಗ್ರಿ" ಅಂದ ಅವನು. "ಹೀಗೆ ಮಾತಾಡದೆ ಹೋಗಬೇಡಿ."

ಟೀಚರು ಬೀಗದ ಕೈಯನ್ನು ಅವನ ಕೈಗೆ ಕೊಡದೆ, ಅವನ ಹೆಂಡತಿಯ ಅಂಗೈಯಲ್ಲಿಟ್ಟರು.

"ಹಿತ್ತಲ ಬಾಗಿಲ ಅಗಳಿ ಸಡಿಲ ಇದೆಯಮ್ಮ" ಅಂದರು ಅವಳಿಗೆ. "ಗಾಳಿ ಬಂದ್ರೆ ಬಡ್ಕೊಳ್ಳುತ್ತೆ. ಒಂದು ಮೊಳೆ ಹೊಡೆಸ್ಕೋ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟು ದಾಟಿ, ಬಿಸಿಲಿಗಿಳಿದು ನಡೆದರು.